ಎರಡು ಬಗೆಯ ಮೌನ: ಸ್ಟ್ರೆಂತ್ ಮತ್ತು ಹೈ ಪ್ರೀಸ್ಟೆಸ್ ಒಟ್ಟಿಗೆ ಬಂದ ಒಂದು ಪ್ರಕರಣ

ಮಾತು ಕಡಿಮೆಯಿರುವ ಸಂಗಾತಿಯ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿ, ಅದಕ್ಕಾಗಿ ಹಾಕಿದ ಕಾರ್ಡ್‌ಗಳ ಜೋಡಣೆಯಾದ ಸ್ಪ್ರೆಡ್‌ನಲ್ಲಿ ಸ್ಟ್ರೆಂತ್ ಮತ್ತು ಹೈ ಪ್ರೀಸ್ಟೆಸ್ ಎರಡೂ ಬಿದ್ದರೆ, ಟ್ಯಾರೋ ಓದುವವರ ಬಾಯಿಗೆ ಸಿದ್ಧವಾಗಿ ಬರುವ ಉತ್ತರವೊಂದಿದೆ: ಆತನ ಮನಸ್ಸು ಆಳವಾದದ್ದು, ನೀವು ತಾಳ್ಮೆಯಿಂದ ಕಾಯಿರಿ, ಸಮಯ ಬಂದಾಗ ಅದು ತಾನಾಗಿ ತೆರೆದುಕೊಳ್ಳುತ್ತದೆ. ಎರಡೂ ಸೌಮ್ಯವಾದ ಕಾರ್ಡ್‌ಗಳು, ಎರಡರಲ್ಲೂ ಶಾಂತ ಮುಖದ ಹೆಣ್ಣಿದ್ದಾಳೆ, ಒಂದನ್ನು ತಾಳ್ಮೆಯೆಂದೂ ಇನ್ನೊಂದನ್ನು ಗೂಢತೆಯೆಂದೂ ಎಲ್ಲರೂ ಕಲಿತಿರುತ್ತಾರೆ. ಆದ್ದರಿಂದ ಈ ಉತ್ತರ ಕಟ್ಟುವುದು ಸುಲಭ, ಕೇಳುವವರಿಗೂ ಹಿತ. ನಾನೂ ಬಹಳ ಕಾಲ ಹಾಗೆಯೇ ಹೇಳಿಕೊಂಡು ಬಂದವನು. ಇಲ್ಲಿ ವಿವರಿಸುವ ಪ್ರಕರಣದಲ್ಲಿಯೂ ಮೊದಲ ಹತ್ತು ನಿಮಿಷ ಅದನ್ನೇ ಹೇಳಿದೆ, ಮತ್ತು ಅದು ತಪ್ಪಾಗಿತ್ತು. ತಪ್ಪು ಎಲ್ಲಿ ಆಯಿತು, ಹೇಗೆ ಗೊತ್ತಾಯಿತು ಎಂಬುದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಪ್ರಶ್ನೆ ಕೇಳಿದಾಕೆಯ ಒಪ್ಪಿಗೆಯಿದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಪ್ರಶ್ನೆ

ಆಕೆಗೆ ಮೂವತ್ತನಾಲ್ಕು ವರ್ಷ. ಸಂಗಾತಿಯೊಂದಿಗೆ ಒಂದೇ ಮನೆಯಲ್ಲಿ ವಾಸಿಸಲು ತೊಡಗಿ ಮೂರು ವರ್ಷವಾಗಿತ್ತು. ಆತ ಕೆಟ್ಟವನಲ್ಲ, ಬೇಜವಾಬ್ದಾರಿಯವನೂ ಅಲ್ಲ, ಆದರೆ ಮಾತನಾಡುವುದಿಲ್ಲ ಎಂಬುದು ಆಕೆಯ ದೂರು. ಸಂಜೆ ಮನೆಗೆ ಬಂದವನು ಏನು ಕೇಳಿದರೂ "ಏನೂ ಇಲ್ಲ" ಎನ್ನುತ್ತಾನೆ. ಮುಖ ನೋಡಿದರೆ ಏನೋ ಇದೆ ಎಂದು ಕಾಣುತ್ತದೆ. ಕೆಲವೊಮ್ಮೆ ಮಾತಿನ ನಡುವೆಯೇ ಎದ್ದು ಬಾಲ್ಕನಿಗೆ ಹೋಗಿ ನಿಲ್ಲುತ್ತಾನೆ. "ಅವನ ಮನಸ್ಸಿನಲ್ಲಿ ಏನಿದೆ ಅಂತ ಕಾರ್ಡ್ ಹೇಳಬಹುದಾ?" ಎಂದು ಆಕೆ ಕೇಳಿದರು.

ಎದುರಿಗೆ ಇಲ್ಲದ ವ್ಯಕ್ತಿಯ ಮನಸ್ಸಿನಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ನಾನು ಹಾಗೆಯೇ ತೆಗೆದುಕೊಳ್ಳುವುದಿಲ್ಲ. ಮೇಜಿನ ಈಚೆ ನಾನು, ಆಚೆ ಆಕೆ. ಕಾರ್ಡ್ ನೋಡಿ ಹೌದು, ಅಲ್ಲ ಎನ್ನಬಲ್ಲವರು ನಾವಿಬ್ಬರೇ. ಆತನ ಬಗ್ಗೆ ನಾನು ಏನು ಹೇಳಿದರೂ ಅದನ್ನು ಅಲ್ಲಗಳೆಯಲು ಆತ ಅಲ್ಲಿಲ್ಲ, ಮತ್ತು ಮೊದಲೇ ಅನುಮಾನದಲ್ಲಿರುವವರ ಎದುರು ಹಾಗೆ ಹೇಳಿದ ಮಾತು ಮನೆಗೆ ಹೋಗಿ ಸಾಕ್ಷಿಯಾಗಿಬಿಡುತ್ತದೆ. ಆದ್ದರಿಂದ ಪ್ರಶ್ನೆಯನ್ನು ಇಬ್ಬರೂ ಸೇರಿ ತಿದ್ದಿದೆವು: ನಮ್ಮಿಬ್ಬರ ನಡುವೆ ಇರುವ ಈ ಮೌನದಲ್ಲಿ ನಾನು ನೋಡದೆ ಇರುವುದು ಏನು, ಅದಕ್ಕೆ ನಾನು ಇಡಬಹುದಾದ ಮುಂದಿನ ಹೆಜ್ಜೆ ಯಾವುದು.

ಕಾರ್ಡ್ ಹಾಕುವ ಮೊದಲು ಇನ್ನೊಂದು ವಿಷಯವನ್ನು ಕೇಳಿದೆ. ಇದನ್ನು ಈಗ ಯಾವತ್ತೂ ಬಿಡುವುದಿಲ್ಲ. ಆ ಮೌನ ಹೇಗೆ ಮುಗಿಯುತ್ತದೆ? ಆಕೆ ಕ್ಷಮೆ ಕೇಳುವವರೆಗೆ ದಿನಗಟ್ಟಲೆ ನಡೆದು, ಕ್ಷಮೆ ಕೇಳಿದ ಕೂಡಲೆ ಮುಗಿಯುವ ಮೌನವಾದರೆ ಅದು ಶಿಕ್ಷೆ. ಅಂಥ ಮನೆಯಿಂದ ಬಂದವರ ಮುಂದೆ ಸ್ಟ್ರೆಂತ್ ಬಿದ್ದಾಗ "ತಾಳ್ಮೆ" ಎಂದು ಓದುವುದು ಸಹಿಸಿಕೊಂಡಿರು ಎಂದು ಹೇಳಿದಂತೆಯೇ ಆಗುತ್ತದೆ, ಅದನ್ನು ಹೇಳುವ ಅಧಿಕಾರ ಕಾರ್ಡಿಗೂ ಇಲ್ಲ, ನನಗೂ ಇಲ್ಲ. ಈ ಪ್ರಕರಣದಲ್ಲಿ ಹಾಗಿರಲಿಲ್ಲ. ಆತನ ಮೌನ ಒಂದೆರಡು ಗಂಟೆಯಲ್ಲಿ ತಾನಾಗಿ ಕರಗುತ್ತಿತ್ತು, ಯಾರೂ ಯಾರಲ್ಲೂ ಕ್ಷಮೆ ಕೇಳುತ್ತಿರಲಿಲ್ಲ, ಆಕೆಗೆ ಆತನ ಭಯವಿರಲಿಲ್ಲ. ಆಮೇಲೆಯೇ ಕಾರ್ಡ್ ಕೈಗೆ ತೆಗೆದುಕೊಂಡೆ.

ಬಿದ್ದ ಕಾರ್ಡ್‌ಗಳು

ಬಳಸಿದ್ದು ರೈಡರ್-ವೇಟ್-ಸ್ಮಿತ್ ಡೆಕ್, ಎಪ್ಪತ್ತೆಂಟು ಕಾರ್ಡ್‌ಗಳೂ ಸೇರಿ, ತಲೆಕೆಳಗಾದ ಕಾರ್ಡ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ. ಐದು ಸ್ಥಾನಗಳ ಸಣ್ಣ ಸ್ಪ್ರೆಡ್. ಮೊದಲನೆಯದು ಪ್ರಶ್ನೆ ಕೇಳಿದಾಕೆ, ಎರಡನೆಯದು ಆಕೆಗೆ ಕಾಣುವಂತೆ ಸಂಗಾತಿ, ಮೂರನೆಯದು ಇಬ್ಬರ ನಡುವೆ ಇರುವುದು, ನಾಲ್ಕನೆಯದು ಕಣ್ಣಿಗೆ ಬೀಳದೆ ಉಳಿದದ್ದು, ಐದನೆಯದು ಮುಂದಿನ ಹೆಜ್ಜೆ. ಆಕೆಯ ಸ್ಥಾನದಲ್ಲಿ ಹೈ ಪ್ರೀಸ್ಟೆಸ್ ಬಿತ್ತು, ಸಂಗಾತಿಯ ಸ್ಥಾನದಲ್ಲಿ ಸ್ಟ್ರೆಂತ್. ನಡುವೆ ಟೂ ಆಫ್ ಸ್ವೋರ್ಡ್ಸ್, ಕಾಣದ್ದರಲ್ಲಿ ನೈನ್ ಆಫ್ ವಾಂಡ್ಸ್, ಕೊನೆಗೆ ಪೇಜ್ ಆಫ್ ಕಪ್ಸ್.

ಐದರಲ್ಲಿ ಎರಡು ಮೇಜರ್ ಅರ್ಕಾನಾ, ಅಂದರೆ ಡೆಕ್ಕಿನ ಪ್ರಧಾನ ಕಾರ್ಡ್‌ಗಳು, ಬಂದಿವೆಯಲ್ಲ, ಇದು ವಿಧಿಯ ಮಾತೇ ಎಂದು ಆಕೆ ಕೇಳಿದರು. ಅಲ್ಲ. ಡೆಕ್‌ನಲ್ಲಿ 22 ಮೇಜರ್ ಕಾರ್ಡ್‌ಗಳಿವೆ, ಅಂದರೆ ಕಾಲು ಭಾಗಕ್ಕಿಂತ ತುಸು ಹೆಚ್ಚು. ಐದು ಎಳೆದರೆ ಒಂದೋ ಎರಡೋ ಬರುವುದು ಸಹಜ. ಗಮನಿಸಬೇಕಾದದ್ದು ಅವು ಬಂದವು ಎಂಬುದನ್ನಲ್ಲ, ಎಲ್ಲಿ ಬಂದವು ಎಂಬುದನ್ನು. ಅದನ್ನೇ ನಾನು ಮೊದಲು ಗಮನಿಸಲಿಲ್ಲ.

ಮೊದಲ ಓದು, ಮತ್ತು ಅದು ನಿಲ್ಲದೆ ಹೋದದ್ದು

ಹೈ ಪ್ರೀಸ್ಟೆಸ್ ಎಂದರೆ ಮೌನ, ನಿಗೂಢ, ಒಳಗಿನದನ್ನು ಹೊರಗೆ ಬಿಡದ ಸ್ವಭಾವ. ನಾವು ಮಾತನಾಡುತ್ತಿದ್ದದ್ದು ಮೌನಿಯಾದ ಸಂಗಾತಿಯ ಬಗ್ಗೆ. ಹೀಗಾಗಿ ಆ ಕಾರ್ಡ್ ಆಕೆಯ ಸ್ಥಾನದಲ್ಲಿ ಬಿದ್ದಿದ್ದರೂ ನನ್ನ ಮನಸ್ಸು ಅದನ್ನು ಸದ್ದಿಲ್ಲದೆ ಆತನ ಕಡೆಗೆ ಸರಿಸಿಬಿಟ್ಟಿತು. ಆತನ ಸ್ಥಾನದ ಸ್ಟ್ರೆಂತ್ ಅನ್ನು ಹಾಗೆಯೇ ಈಚೆಗೆ ಎಳೆದು, ನಿಮಗೆ ಬೇಕಾದದ್ದು ಈ ಹೆಣ್ಣಿನ ಮೃದುವಾದ ಕೈ, ಸಿಂಹವನ್ನು ಬಲದಿಂದ ಅಲ್ಲ, ಸಾವಧಾನದಿಂದ ಗೆಲ್ಲಬೇಕು ಎಂದೆ. ಸ್ಥಾನಕ್ಕೆ ಹೊಂದಿಸಲು ಆಕೆಗೆ ಒಳ್ಳೆಯ ಅಂತಃಪ್ರಜ್ಞೆಯಿದೆ ಎಂಬ ಒಂದು ವಾಕ್ಯವನ್ನೂ ಸೇರಿಸಿದೆ.

ಆಕೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಗೊತ್ತು. ನಿಜವಾಗಿ ತಾಗಿದ ಮಾತಿಗೆ ಜನ ಹಾಗೆ ತಲೆಯಾಡಿಸುವುದಿಲ್ಲ. ಒಂದೋ ಸುಮ್ಮನಾಗುತ್ತಾರೆ, ಇಲ್ಲವೇ ಅರ್ಧಕ್ಕೇ ಬಾಯಿ ಹಾಕುತ್ತಾರೆ. ಇದು ಬಸ್ಸಿಗೆ ಕಾಯುವವರು ತಲೆಯಾಡಿಸಿದಂತಿತ್ತು. ಇದನ್ನೆಲ್ಲ ನಾನು ಮೊದಲಿನಿಂದಲೂ ಮಾಡುತ್ತಲೇ ಇದ್ದೇನೆ ಎಂದು ಕೊನೆಗೆ ಹೇಳಿದರು. ಸರಿಯಾದ ಮಾತು. ಮೂರು ವರ್ಷ ತಾಳ್ಮೆಯಿಂದಿದ್ದು ಸೋತು ಬಂದವರಿಗೆ ನಾನು ತಾಳ್ಮೆಯನ್ನೇ ಮತ್ತೆ ಬರೆದುಕೊಟ್ಟಿದ್ದೆ.

ಕಾರ್ಡ್‌ಗಳನ್ನು ಅವು ಬಿದ್ದ ಜಾಗದಲ್ಲಿಯೇ ಬಿಟ್ಟು ಓದಬೇಕು ಎಂಬುದು ಆರಂಭಿಕರಿಗೆ ಹೇಳಿಕೊಡುವ ಪಾಠ. ಪ್ರಶ್ನೆಯ ಬಣ್ಣ ಗಾಢವಾದಾಗ ಅದೇ ಮೊದಲು ಮರೆಯುತ್ತದೆ. "ಮೌನ" ಎಂಬ ಪದ ಕಿವಿಯಲ್ಲಿ ಕುಳಿತಿದ್ದರೆ ಮೌನದ ಕಾರ್ಡ್ ಯಾರ ಮುಂದೆ ಬಿದ್ದರೂ ಅದು ಮೌನಿಯದೇ ಎನಿಸುತ್ತದೆ. ಈ ಎರಡು ಕಾರ್ಡ್‌ಗಳ ಜೋಡಿಯಲ್ಲಿ ಈ ಜಾರುವಿಕೆ ಬೇರೆಡೆಗಿಂತ ಹೆಚ್ಚು, ಏಕೆಂದರೆ ಎರಡೂ ಚಿತ್ರಗಳು ಮೇಲ್ನೋಟಕ್ಕೆ ಅಕ್ಕತಂಗಿಯರಂತಿವೆ ಮತ್ತು ಒಂದರ ಅರ್ಥವನ್ನು ಇನ್ನೊಂದಕ್ಕೆ ಹಚ್ಚಿದರೂ ವಾಕ್ಯ ಕೆಡುವುದಿಲ್ಲ.

ಕೈಗಳನ್ನು ನೋಡಿದಾಗ

ನಾನು ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ತಿಳಿಸಿ, ಎರಡು ಕಾರ್ಡ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು, ಅರ್ಥವನ್ನೆಲ್ಲ ಬದಿಗಿಟ್ಟು ಆ ಹೆಂಗಸರ ಕೈಗಳು ಏನು ಮಾಡುತ್ತಿವೆ ಎಂಬುದನ್ನು ಮಾತ್ರ ನೋಡಿ ಹೇಳಿ ಎಂದು ಆಕೆಯನ್ನು ಕೇಳಿದೆ.

ಸ್ಟ್ರೆಂತ್‌ನಲ್ಲಿ ಎರಡೂ ಕೈ ಕಾಣುತ್ತವೆ, ಎರಡೂ ಸಿಂಹದ ದವಡೆಯ ಮೇಲಿವೆ. ಬಾಯಿ ತೆರೆಯುತ್ತಿದ್ದಾಳೋ ಮುಚ್ಚುತ್ತಿದ್ದಾಳೋ ಎಂಬುದರ ಬಗ್ಗೆ ಹಳೆಯ ಡೆಕ್‌ಗಳನ್ನು ನೋಡುವವರು ಇಂದಿಗೂ ವಾದಿಸುತ್ತಾರೆ. ಆದರೆ 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಈ ಡೆಕ್ಕಿನ ಮಟ್ಟಿಗೆ ಅನುಮಾನವಿಲ್ಲ: ಪಮೇಲಾ ಕೋಲ್ಮನ್ ಸ್ಮಿತ್ ಅವರಿಂದ ಚಿತ್ರ ಬರೆಸಿದ ಆರ್ಥರ್ ಎಡ್ವರ್ಡ್ ವೇಟ್ ಅವರೇ ಆಕೆ ಬಾಯಿ ಮುಚ್ಚುತ್ತಿದ್ದಾಳೆ ಎಂದು ವಿವರಿಸಿದ್ದಾರೆ. ಸಿಂಹ ಈಗಾಗಲೇ ಪಳಗಿದೆ, ಹೂವಿನ ಸರಪಳಿಯಲ್ಲಿ ನಡೆಯುತ್ತಿದೆ. ಹದಿನೈದನೆಯ ಶತಮಾನದ ವಿಸ್ಕೊಂಟಿ-ಸ್ಫೋರ್ಜಾ ಕಾರ್ಡಿನಲ್ಲಿ ಇದೇ ಸ್ಥಾನದಲ್ಲಿ ದೊಣ್ಣೆ ಎತ್ತಿದ ಗಂಡಸೊಬ್ಬ ಸಿಂಹವನ್ನು ಹೊಡೆಯಲು ನಿಂತಿದ್ದಾನೆ. ಅಲ್ಲಿಂದ ಇಲ್ಲಿಗೆ ಬಂದಾಗ ದೊಣ್ಣೆ ಹೋಗಿ ಕೈ ಬಂದಿದೆ, ಆದರೆ ಸಿಂಹ ಹೋಗಿಲ್ಲ. ಈ ಕಾರ್ಡಿನ ಮೌನ ಎಂದರೆ ತಡೆದು ಹಿಡಿದ ಮೌನ. ಒಳಗೆ ಗರ್ಜಿಸುವ ಒಂದು ಪ್ರಾಣಿಯಿದೆ, ಅದರ ಬಾಯಿಯ ಮೇಲೆ ಕೈಯಿದೆ, ಆ ಕೈಗೆ ಬಿಡುವಿಲ್ಲ.

ಹೈ ಪ್ರೀಸ್ಟೆಸ್‌ನ ಕೈಗಳು ಹಾಗಿಲ್ಲ. ಆಕೆ ಎರಡು ಕಂಬಗಳ ನಡುವೆ ಕುಳಿತಿದ್ದಾಳೆ; ಸೊಲೊಮನ್ನನ ದೇವಾಲಯದ ಬೋವಜ್ ಮತ್ತು ಯಾಕೀನ್ ಎಂಬ ಕಂಬಗಳ ಮೊದಲಕ್ಷರಗಳು ಅವುಗಳ ಮೇಲಿವೆ. ಹಿಂದೆ ದಾಳಿಂಬೆ ಹಣ್ಣುಗಳ ಪರದೆ, ಪರದೆಯ ಸಂದಿಯಲ್ಲಿ ನೀರು. ಮಡಿಲಲ್ಲಿ ಒಂದು ಸುರುಳಿ, ಅದರ ಮೇಲೆ ಧರ್ಮಗ್ರಂಥದ ಹೆಸರು ಬರೆದಿದೆ, ಆದರೆ ಸುರುಳಿಯ ಒಂದು ಭಾಗ ಮೇಲುಹೊದಿಕೆಯ ಒಳಗೆ ಸರಿದಿದೆ. ಕೆಲವನ್ನು ಹೇಳಲಾಗಿದೆ, ಕೆಲವನ್ನು ಸೂಚಿಸಿ ಬಿಡಲಾಗಿದೆ ಎಂಬುದಕ್ಕೆ ಈ ಮರೆ ಎಂದು ವೇಟ್ ಅವರೇ ಹೇಳುತ್ತಾರೆ. ಇಲ್ಲಿ ಯಾವ ಹೋರಾಟವೂ ಇಲ್ಲ. ಇದು ತನ್ನ ಬಳಿ ಇಟ್ಟುಕೊಂಡ ಮೌನ. ಅವಳಿಗೆ ಗೊತ್ತಿದೆ, ಬರೆದೂ ಇಟ್ಟಿದೆ, ತೋರಿಸುತ್ತಿಲ್ಲ.

ಇದೇ ಕಾರ್ಡಿಗೆ ವೇಟ್ ಕೊಟ್ಟ ಅರ್ಥಗಳ ಪಟ್ಟಿಯಲ್ಲಿ ಈಗ ಯಾರೂ ಅಷ್ಟಾಗಿ ನೆನಪಿಟ್ಟುಕೊಳ್ಳದ ಒಂದು ಮಾತಿದೆ: ಪ್ರಶ್ನೆ ಕೇಳುವವರು ಹೆಣ್ಣಾದರೆ ಈ ಕಾರ್ಡ್ ಅವರೇ ಇರಬಹುದು. ಅದೇ ಪಟ್ಟಿಯಲ್ಲಿ ಮೌನದ ಜೊತೆಗೆ, ಹಿಡಿದದ್ದನ್ನು ಬಿಡದಿರುವ ಹಟ ಎಂಬ ಅರ್ಥವೂ ಇದೆ. ಕಾರ್ಡ್ ಬಿದ್ದಿರುವುದು ನಿಮ್ಮ ಸ್ಥಾನದಲ್ಲಿ ಎಂದು ಆಕೆಗೆ ತೋರಿಸಿ, "ನೀವು ಹೇಳದೆ ಇಟ್ಟುಕೊಂಡಿರುವುದು ಏನಾದರೂ ಇದೆಯೇ? ಬರೆದಿಟ್ಟದ್ದು?" ಎಂದು ಕೇಳಿದೆ. ಬರೆದಿಟ್ಟದ್ದು ಎಂಬ ಪದವನ್ನು ಚಿತ್ರದಲ್ಲಿ ಸುರುಳಿ ಇದೆ ಎಂಬ ಒಂದೇ ಕಾರಣಕ್ಕೆ ಸೇರಿಸಿದೆ. ಅದರಲ್ಲಿ ಬೇರೆ ಜಾಣ್ಮೆಯೇನೂ ಇರಲಿಲ್ಲ.

ಆಕೆ ಸ್ವಲ್ಪ ಹೊತ್ತು ಕಾರ್ಡನ್ನೇ ನೋಡುತ್ತ ಕುಳಿತರು. ಆಮೇಲೆ ಫೋನ್ ತೆಗೆದು, ನೋಟ್ಸ್ ತೆರೆದು, ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಹನ್ನೊಂದು ವಾರಗಳಿಂದ ಬರೆಯುತ್ತ ಬಂದ ಪಟ್ಟಿ. ತಾರೀಖು, ಹೊತ್ತು, ಒಂದು ಸಾಲು. "ಕೇಳಿದ್ದಕ್ಕೆ ಉತ್ತರವಿಲ್ಲ." "ಬಾಲ್ಕನಿ, ನಲವತ್ತು ನಿಮಿಷ." "ಏನೂ ಇಲ್ಲ ಅಂದ, ಎರಡು ಸಲ." ಒಟ್ಟು ನಲವತ್ತೊಂದು ನಮೂದುಗಳು. ಇದು ಆತನಿಗೆ ಗೊತ್ತೇ ಎಂದೆ. ಗೊತ್ತಿಲ್ಲ. ಬೇರೆ ಯಾರಿಗಾದರೂ? ಯಾರಿಗೂ ಗೊತ್ತಿಲ್ಲ.

ಅಲ್ಲಿಗೆ ಮೊದಲ ಸ್ಥಾನದ ಕಾರ್ಡ್ ತನ್ನ ಜಾಗದಲ್ಲಿ ಕುಳಿತಿತು. ಈ ಮನೆಯಲ್ಲಿ ಮೌನಿಗಳು ಇಬ್ಬರಿದ್ದರು. ಒಬ್ಬನ ಮೌನ ಕಣ್ಣಿಗೆ ಕಾಣುವಂಥದ್ದು, ಆದ್ದರಿಂದ ದೂರಿಗೆ ಸಿಕ್ಕಿತು. ಇನ್ನೊಬ್ಬರದು ಮಾತಿನ ಕೆಳಗೆ ಅಡಗಿತ್ತು. ಆಕೆ ದಿನವೂ ಮಾತನಾಡುತ್ತಿದ್ದರು, ಕೇಳುತ್ತಿದ್ದರು, ವಿಚಾರಿಸುತ್ತಿದ್ದರು, ಆದರೆ ತಾನು ಗಮನಿಸುತ್ತಿದ್ದೇನೆ, ಲೆಕ್ಕ ಇಡುತ್ತಿದ್ದೇನೆ, ಬಿಟ್ಟು ಹೋಗಬೇಕೇ ಎಂದು ಯೋಚಿಸುತ್ತಿದ್ದೇನೆ ಎಂಬುದನ್ನು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಸಿಂಹ ಯಾವುದು

ಸಂಗಾತಿಯ ಸ್ಥಾನದಲ್ಲಿ ಸ್ಟ್ರೆಂತ್ ಬಿದ್ದಾಗ ಆತ ಆ ಹೆಣ್ಣೋ ಸಿಂಹವೋ ಎಂಬ ಪ್ರಶ್ನೆ ಏಳುತ್ತದೆ. ಕೆಲವರು ಸಂಗಾತಿಯನ್ನು ಸಿಂಹವಾಗಿಸಿ ಪ್ರಶ್ನೆ ಕೇಳಿದವರನ್ನು ಪಳಗಿಸುವವರಾಗಿ ಮಾಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಒಂದು ಸ್ಥಾನದಲ್ಲಿ ಬಿದ್ದ ಕಾರ್ಡಿನ ಇಡೀ ಚಿತ್ರ ಆ ಸ್ಥಾನದ್ದು. ಬಾಯಿ ಮುಚ್ಚುವ ಕೈಯೂ ಮುಚ್ಚಿಸಿಕೊಳ್ಳುವ ಬಾಯಿಯೂ ಆತನದೇ. ಹಾಗೆ ನೋಡಿದರೆ ಆ ಸ್ಥಾನ ಹೇಳುವುದು ಆತ ಸಂಕೋಚದವನು ಎಂದಲ್ಲ, ಭಾವನೆ ಇಲ್ಲದವನು ಎಂದಂತೂ ಅಲ್ಲ. ತನ್ನದೇ ಬಾಯಿಯನ್ನು ತಾನೇ ಹಿಡಿದುಕೊಂಡಿರುವಂತೆ ಆಕೆಯ ಕಣ್ಣಿಗೆ ಕಾಣುತ್ತಿದ್ದಾನೆ ಎಂದು. ಆಕೆಯ ಕಣ್ಣಿಗೆ ಎಂಬುದನ್ನು ಒತ್ತಿ ಹೇಳಬೇಕು, ಆ ಸ್ಥಾನಕ್ಕೆ ನಾವು ಕೊಟ್ಟ ಹೆಸರೇ ಅದು.

ಇದಕ್ಕೆ ಬೆಂಬಲ ಬೇಕಾದರೆ ಅಕ್ಕಪಕ್ಕದ ಕಾರ್ಡ್‌ಗಳಲ್ಲಿ ಹುಡುಕಬೇಕು. ನಾಲ್ಕನೆಯ ಸ್ಥಾನದ ನೈನ್ ಆಫ್ ವಾಂಡ್ಸ್ ಅದನ್ನು ಕೊಟ್ಟಿತು. ತಲೆಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಮನುಷ್ಯ ಒಂದು ಕೋಲನ್ನು ಹಿಡಿದು ನಿಂತಿದ್ದಾನೆ, ಹಿಂದೆ ಎಂಟು ಕೋಲುಗಳು ಬೇಲಿಯಂತೆ ನಿಂತಿವೆ, ಆತನ ಕಣ್ಣು ಪಕ್ಕಕ್ಕೆ ಸರಿದಿದೆ. ಹೊಡೆತ ಬಿದ್ದದ್ದು ಹಿಂದೆ ಯಾವಾಗಲೋ. ಕಾವಲು ಇನ್ನೂ ಇಳಿದಿಲ್ಲ. ಸ್ಟ್ರೆಂತ್ ಒಂದೇ ಇದ್ದಿದ್ದರೆ ತಡೆಹಿಡಿಯುವುದು ಆತನ ಸ್ವಭಾವ ಎಂದು ಓದಬಹುದಿತ್ತು. ಈ ಕಾರ್ಡ್ ಜೊತೆಗಿರುವಾಗ ಕೇಳಬೇಕಾದ ಪ್ರಶ್ನೆ ಬೇರೆ: ಹಾಗೆ ತಡೆಹಿಡಿಯಲು ಆತ ಎಂದಿನಿಂದ ತೊಡಗಿದ?

ಕೇಳಿದೆ. ಮೊದಲು ಆಕೆ ಅವನು ಮೊದಲಿನಿಂದಲೂ ಹೀಗೇ ಎಂದರು. ಸ್ವಲ್ಪ ತಡೆದು, ಇಲ್ಲ, ಮೊದಲ ವರ್ಷ ಹೀಗಿರಲಿಲ್ಲ ಎಂದರು. ಆ ವರ್ಷ ಒಂದು ದೊಡ್ಡ ಜಗಳವಾಗಿತ್ತು, ಹಣದ ವಿಷಯಕ್ಕೆ. ಆತ ದನಿ ಏರಿಸಿ ಕೂಗಿದ್ದ. ಆಕೆ ಬ್ಯಾಗ್ ತೆಗೆದುಕೊಂಡು ಗೆಳತಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದರು. ಹಿಂದಿರುಗಿದ ಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. "ಆಮೇಲೆ ಇವತ್ತಿನ ತನಕ ಒಂದು ದಿನವೂ ಅವನು ದನಿ ಏರಿಸಿಲ್ಲ. ಅದನ್ನ ನಾನು ಎಲ್ಲರ ಹತ್ತಿರ ಹೊಗಳ್ಕೊಂಡು ಬಂದಿದ್ದೀನಿ," ಎಂದವರು ಮಾತಿನ ನಡುವೆಯೇ ನಿಂತರು.

ಹೊಗಳಿದ ಗುಣ ಮತ್ತು ದೂರಿದ ಗುಣ ಎರಡೂ ಒಂದೇ ಇರಬಹುದು ಎಂದು ನಾನು ಹೇಳಬೇಕಾಗಿ ಬರಲಿಲ್ಲ. ನಡುವಿನ ಕಾರ್ಡ್ ಅಲ್ಲಿಯೇ ಇತ್ತು. ಟೂ ಆಫ್ ಸ್ವೋರ್ಡ್ಸ್‌ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣು ಎರಡು ಕತ್ತಿಗಳನ್ನು ಎದೆಯ ಮೇಲೆ ಅಡ್ಡ ಹಿಡಿದು ಕುಳಿತಿದ್ದಾಳೆ. ಹಿಂದೆ ನೀರು, ಮೇಲೆ ಎಳೆಯ ಚಂದ್ರ. ಹೈ ಪ್ರೀಸ್ಟೆಸ್‌ನ ಕಾಲಬಳಿಯೂ ಅದೇ ಎಳೆಯ ಚಂದ್ರವಿದೆ, ಹಿಂದೆ ಅದೇ ನೀರಿದೆ. ಎರಡೂ ಕಾರ್ಡ್‌ಗಳ ಸಂಖ್ಯೆ ಎರಡು. ಆ ಹೆಣ್ಣಿನ ಪರದೆ ಇಲ್ಲಿ ಕಣ್ಣಿನ ಮೇಲಿನ ಬಟ್ಟೆಯಾಗಿದೆ ಎಂದು ನನಗೆ ಕಂಡಿತು. ಕತ್ತಿಗಳು ಯಾರನ್ನೂ ಚುಚ್ಚುತ್ತಿಲ್ಲ, ಆದರೆ ಅವುಗಳನ್ನು ಹಿಡಿದಿರುವವರೆಗೆ ಯಾರೂ ಹತ್ತಿರ ಬರುವಂತೆಯೂ ಇಲ್ಲ. ಜಗಳವಿಲ್ಲದ ಮನೆ ಎಂದು ಇವರಿಬ್ಬರೂ ಕರೆದುಕೊಳ್ಳುತ್ತಿದ್ದದ್ದು ಇದನ್ನೇ.

ಇಲ್ಲಿ ಸಂಖ್ಯೆಗಳ ಬಗ್ಗೆ ಒಂದು ಮಾತು, ಏಕೆಂದರೆ ಈ ಜೋಡಿ ಬಂದಾಗ ಹೈ ಪ್ರೀಸ್ಟೆಸ್‌ನ ಎರಡನ್ನೂ ಸ್ಟ್ರೆಂತ್‌ನ ಎಂಟನ್ನೂ ಕೂಡಿಸಿ ಹತ್ತು ಮಾಡಿ, ಹತ್ತನೆಯ ಕಾರ್ಡಾದ ವೀಲ್ ಆಫ್ ಫಾರ್ಚೂನ್ ತಂದು "ಕಾಲ ಬದಲಾಗುತ್ತದೆ" ಎನ್ನುವ ಅಭ್ಯಾಸ ಕೆಲವರಿಗಿದೆ. ಆದರೆ ಹಳೆಯ ಫ್ರೆಂಚ್ ಮಾದರಿಯಾದ ಮಾರ್ಸೇ ಡೆಕ್‌ನಲ್ಲಿ ಸ್ಟ್ರೆಂತ್‌ನ ಸಂಖ್ಯೆ ಹನ್ನೊಂದು, ಎಂಟನೆಯದು ಜಸ್ಟಿಸ್. ಇವೆರಡನ್ನೂ ಅದಲುಬದಲು ಮಾಡಿದ್ದು ವೇಟ್ ಅವರ ಡೆಕ್‌ನಲ್ಲಿ ಕಾಣುವ ಕ್ರಮ. ಹಳೆಯ ಕ್ರಮದಲ್ಲಿ ಕೂಡಿಸಿದರೆ ಹದಿಮೂರು ಬರುತ್ತದೆ, ಅದು ಡೆತ್. ಯಾವ ಅಂಗಡಿಯ ಡೆಕ್ ಕೊಂಡೆವು ಎಂಬುದರ ಮೇಲೆ ಒಂದು ಸಂಬಂಧದ ಭವಿಷ್ಯ ಬದಲಾಗುವುದಾದರೆ ಆ ಲೆಕ್ಕವನ್ನು ಕೈಬಿಡುವುದೇ ಮೇಲು. ಹನ್ನೊಂದರ ಎರಡು ಅಂಕಿಗಳನ್ನು ಕೂಡಿದರೆ ಎರಡಾಗುತ್ತದೆ, ಅಂದರೆ ಹಳೆಯ ಸ್ಟ್ರೆಂತ್‌ನೊಳಗೆ ಹೈ ಪ್ರೀಸ್ಟೆಸ್ ಅಡಗಿದ್ದಾಳೆ ಎಂಬುದು ನನಗೆ ಇಷ್ಟವಾದ ಚಮತ್ಕಾರ. ಅದನ್ನು ಯಾರಿಗೂ ಸಲಹೆಯಾಗಿ ಕೊಟ್ಟಿಲ್ಲ.

ಸ್ಥಾನ ಅದಲುಬದಲಾಗಿದ್ದರೆ

ಇದೇ ಎರಡು ಕಾರ್ಡ್‌ಗಳು ಜಾಗ ಬದಲಿಸಿ ಬಿದ್ದಿದ್ದರೆ ನಾನು ಇದನ್ನೆಲ್ಲ ಹೇಳುತ್ತಿರಲಿಲ್ಲ. ಸಂಗಾತಿಯ ಸ್ಥಾನದಲ್ಲಿ ಹೈ ಪ್ರೀಸ್ಟೆಸ್ ಬಿದ್ದಾಗ ಆತ ಏನನ್ನೋ ತಡೆದುಕೊಂಡಿದ್ದಾನೆ ಎಂದು ಓದಲು ಆಧಾರವಿಲ್ಲ. ಒಳಗಿನದನ್ನು ಒಳಗೇ ಇಟ್ಟುಕೊಂಡು ನೆಮ್ಮದಿಯಾಗಿರುವ ಜನರಿದ್ದಾರೆ. ಅವರಿಗೆ ಮೌನ ಒಂದು ಭಾರವಲ್ಲ, ಕೋಣೆ. ಅಂಥವರ ಪಕ್ಕದಲ್ಲಿ ಪ್ರಶ್ನೆ ಕೇಳಿದವರ ಸ್ಥಾನಕ್ಕೆ ಸ್ಟ್ರೆಂತ್ ಬಂದರೆ ಕಷ್ಟಪಡುತ್ತಿರುವವರು ಪ್ರಶ್ನೆ ಕೇಳಿದವರೇ: ಕೇಳಬೇಕೆನಿಸಿದ್ದನ್ನು ನುಂಗಿ, ಸಿಟ್ಟನ್ನು ಸವರಿ, ತಾಳ್ಮೆಯ ಹೆಸರಿನಲ್ಲಿ ತಮ್ಮ ಬಾಯಿಯನ್ನೇ ಹಿಡಿದುಕೊಂಡಿರುವವರು. ಅಲ್ಲಿ ನಾನು ಸಂಗಾತಿಯ ಮಾತೆತ್ತುವುದಿಲ್ಲ, ಈ ಹಿಡಿತಕ್ಕೆ ಕೈ ಎಷ್ಟು ನೋಯುತ್ತಿದೆ ಎಂದು ಕೇಳುತ್ತೇನೆ.

ಅಂಥ ಸ್ಪ್ರೆಡ್‌ಗಳಲ್ಲಿ ಇನ್ನೊಂದು ಅಪಾಯವಿದೆ. ಸಂಗಾತಿಯ ಸ್ಥಾನದ ಹೈ ಪ್ರೀಸ್ಟೆಸ್ ಪಕ್ಕದಲ್ಲಿ ದ ಮೂನ್ ಅಥವಾ ಸೆವೆನ್ ಆಫ್ ಸ್ವೋರ್ಡ್ಸ್ ಬಂದರೆ "ಬೇರೆ ಯಾರೋ ಇದ್ದಾರೆ" ಎಂದು ಹೇಳುವ ಧೈರ್ಯ ಕೆಲವರಿಗೆ ಬಂದುಬಿಡುತ್ತದೆ. ಗುಟ್ಟು ಎಂಬುದು ಈ ಕಾರ್ಡಿನ ಅರ್ಥಗಳಲ್ಲಿ ಒಂದು, ನಿಜ. ಆದರೆ ಸಾಲ, ಕಾಯಿಲೆ, ಕೆಲಸ ಹೋಗುವ ಭಯ, ಹಳೆಯ ಅವಮಾನ ಎಲ್ಲವೂ ಗುಟ್ಟುಗಳೇ. ಚಿತ್ರದಲ್ಲಿ ಪರದೆಯ ಹಿಂದೆ ಕಾಣುವುದು ನೀರು ಮಾತ್ರ.

ಮುಂದಿನ ಹೆಜ್ಜೆ

ಪೇಜ್ ಆಫ್ ಕಪ್ಸ್ ಬಿದ್ದದ್ದು ನನಗೆ ಸಮಾಧಾನ ತಂದಿತು, ಏಕೆಂದರೆ ಇದು ಸಣ್ಣ ಕಾರ್ಡ್. ಹೂವಿನ ಅಂಗಿ ತೊಟ್ಟ ಹುಡುಗನ ಕೈಯಲ್ಲಿ ಬಟ್ಟಲಿದೆ, ಬಟ್ಟಲಿನಿಂದ ಒಂದು ಮೀನು ತಲೆ ಎತ್ತಿ ಆತನನ್ನು ನೋಡುತ್ತಿದೆ, ಆತನೂ ಅದನ್ನು ನೋಡುತ್ತಿದ್ದಾನೆ. ಹುಡುಗ ಹೆದರಿಲ್ಲ, ಮೀನನ್ನು ಹಿಡಿಯಲೂ ಹೋಗಿಲ್ಲ. ಹೈ ಪ್ರೀಸ್ಟೆಸ್‌ನ ಪರದೆಯ ಹಿಂದಿದ್ದ ನೀರಿನಿಂದ ಒಂದೇ ಒಂದು ಜೀವ ಬಟ್ಟಲಿಗೆ ಬಂದಿದೆ ಎಂದು ನಾನು ಓದಿದೆ.

ಆಕೆಯ ಮೊದಲ ಯೋಚನೆ ಆ ಪಟ್ಟಿಯನ್ನೇ ಆತನಿಗೆ ತೋರಿಸಿಬಿಡುವುದಾಗಿತ್ತು. ಬೇಡ ಎಂದೆ. ನಲವತ್ತೊಂದು ನಮೂದುಗಳನ್ನು ಒಟ್ಟಿಗೆ ಓದುವವನಿಗೆ ಅದು ಮನಸ್ಸು ತೆರೆದಂತೆ ಕಾಣುವುದಿಲ್ಲ, ಆರೋಪಪಟ್ಟಿಯಂತೆ ಕಾಣುತ್ತದೆ, ಮತ್ತು ನೈನ್ ಆಫ್ ವಾಂಡ್ಸ್‌ನ ಮನುಷ್ಯ ಬೇಲಿಗೆ ಇನ್ನೊಂದು ಕೋಲು ಹುಡುಕುತ್ತಾನೆ. ಸುರುಳಿಯಿಂದ ಒಂದು ಸಾಲು ಸಾಕು, ಆ ಸಾಲು ಆಕೆಯ ಬಗ್ಗೆ ಇರಬೇಕು, ಆತನ ಬಗ್ಗೆ ಅಲ್ಲ. ಕೂತಲ್ಲೇ ಹಲವು ವಾಕ್ಯಗಳನ್ನು ಹೇಳಿ ನೋಡಿದರು. "ನೀನು ಯಾಕೆ ಮಾತಾಡಲ್ಲ" ಎಂಬುದನ್ನು ಬಿಟ್ಟೆವು, ಅದಕ್ಕೆ "ಏನೂ ಇಲ್ಲ" ಎಂಬ ಉತ್ತರ ಸಿದ್ಧವಾಗಿದೆ. ಕೊನೆಗೆ ಉಳಿದದ್ದು ಇದು: "ಅವತ್ತು ನಾನು ನಾಲ್ಕು ದಿನ ಹೋಗಿಬಿಟ್ಟೆನಲ್ಲ, ಅದರ ಬಗ್ಗೆ ನಾನು ಯಾವತ್ತೂ ನಿನ್ನ ಹತ್ತಿರ ಮಾತಾಡಿಲ್ಲ." ಇದನ್ನು ಹೇಳಿ ಸುಮ್ಮನಿರಬೇಕು, ಅಂದೇ ಉತ್ತರ ಬೇಕು ಎಂದು ಕೂರಬಾರದು ಎಂಬುದು ಮೀನಿನ ಪಾಠ ಎಂದು ಆಕೆಯೇ ಹೇಳಿದರು.

ಇನ್ನೊಂದು ಕೆಲಸವನ್ನೂ ಕೊಟ್ಟೆ, ಅದಕ್ಕೂ ಕಾರ್ಡಿಗೂ ಸಂಬಂಧವಿಲ್ಲ. ಪಟ್ಟಿಯನ್ನು ಅಳಿಸುವ ಮೊದಲು ಒಮ್ಮೆ ಹೊತ್ತಿನ ಪ್ರಕಾರ ಜೋಡಿಸಿ ನೋಡಿ ಎಂದೆ.

ಆರು ವಾರಗಳ ನಂತರ

ಅವರು ಮತ್ತೆ ಬಂದಾಗ ಮೊದಲು ಹೇಳಿದ್ದು ಪಟ್ಟಿಯ ಬಗ್ಗೆ. ನಲವತ್ತೊಂದರಲ್ಲಿ ಇಪ್ಪತ್ತೊಂಬತ್ತು ನಮೂದುಗಳು ಆತ ಕೆಲಸದಿಂದ ಬಂದ ಮೊದಲ ಒಂದು ಗಂಟೆಯೊಳಗಿನವು. ಆತನ ಕೆಲಸ ದಿನವಿಡೀ ಫೋನಿನಲ್ಲಿ ಜನರೊಂದಿಗೆ ಮಾತನಾಡುವುದು. ಕೇಳಿದಾಗ, ಆ ಒಂದು ಗಂಟೆ ತನಗೆ ಯಾರ ದನಿಯೂ ಬೇಡವೆನಿಸುತ್ತದೆ ಎಂದು ಆತ ಬಹಳ ಸಹಜವಾಗಿ ಹೇಳಿದನಂತೆ, ಇದು ನಿನಗೆ ಗೊತ್ತೇ ಇದೆ ಎಂದುಕೊಂಡಿದ್ದೆ ಎಂಬಂತೆ. ಇದರಲ್ಲಿ ಸಿಂಹವೂ ಇರಲಿಲ್ಲ, ಪರದೆಯೂ ಇರಲಿಲ್ಲ. ದಣಿದ ಗಂಟಲು ಇತ್ತು. ಐದು ಕಾರ್ಡ್‌ಗಳಲ್ಲಿ ಯಾವುದರಲ್ಲಿಯೂ ನಾನು ಇದನ್ನು ಕಂಡಿರಲಿಲ್ಲ, ಈಗ ಮತ್ತೆ ನೋಡಿದರೂ ಕಾಣುವುದಿಲ್ಲ. ಎಳೆದು ತಂದು ಯಾವುದಕ್ಕಾದರೂ ಅಂಟಿಸಬಹುದು, ಆದರೆ ಫಲ ತಿಳಿದ ಮೇಲೆ ಕಾರ್ಡಿನಲ್ಲಿ ಅದನ್ನು ಕಾಣುವುದು ಓದುವಿಕೆಯಲ್ಲ.

ಉಳಿದ ಹನ್ನೆರಡು ಬೇರೆ ಜಾತಿಯವು. ಅವುಗಳ ಹಿಂದೆ ಪ್ರತಿ ಸಲವೂ ಒಂದು ಮಾತು ಇತ್ತು, ಹೆಚ್ಚಿನವು ಹಣದ ಬಗ್ಗೆ, ಕೆಲವು ಆಕೆಯ ಅಣ್ಣನ ಬಗ್ಗೆ. ಬಾಲ್ಕನಿಯ ನಮೂದುಗಳೆಲ್ಲ ಈ ಹನ್ನೆರಡರಲ್ಲೇ ಇದ್ದವು. ಸ್ಟ್ರೆಂತ್ ಬಗ್ಗೆ ನಾವು ಮಾತನಾಡಿದ್ದು ನಿಂತದ್ದು ಈ ಹನ್ನೆರಡರ ಮೇಲೆ. ಅಂದರೆ ನಮ್ಮ ಓದು ಮೂರರಲ್ಲಿ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ ಮೌನವನ್ನು ಮಾತ್ರ ಮುಟ್ಟಿತ್ತು. ಆದರೆ ನೋವಿದ್ದದ್ದು ಆ ಭಾಗದಲ್ಲೇ.

ಆ ಒಂದು ವಾಕ್ಯವನ್ನು ಆಕೆ ಹೇಳಿದ್ದು ಕಾರಿನಲ್ಲಿ, ಇಬ್ಬರೂ ರಸ್ತೆಯ ಕಡೆ ನೋಡುತ್ತಿದ್ದಾಗ. ಆತ ಆಗ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು, ಬಟ್ಟೆ ಮಡಚುತ್ತಿರುವಾಗ, "ಅವತ್ತು ನೀನು ವಾಪಸ್ ಬರಲ್ಲ ಅಂದ್ಕೊಂಡಿದ್ದೆ" ಎಂದ. ಕೂಗಿದರೆ ಹೋಗಿಬಿಡುತ್ತಾಳೆ ಎಂಬ ಲೆಕ್ಕ ಅಂದಿನಿಂದ ತಲೆಯಲ್ಲಿ ಕುಳಿತಿದೆ, ಸಿಟ್ಟು ಬಂದಾಗ ದನಿ ಎಲ್ಲಿಗೆ ಏರುತ್ತದೋ ಎಂಬ ಭಯಕ್ಕೆ ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ ಎಂದ. ನಾನು ಸಿಂಹವನ್ನು ಸಿಟ್ಟು ಎಂದು ಎಣಿಸಿದ್ದೆ. ಆತ ಹೇಳಿದ ಪ್ರಕಾರ ಅದು ಹೆದರಿಕೆ; ಸಿಟ್ಟು ಅದರ ಹಿಂದೆ ಇದ್ದದ್ದು. ಆ ಮಟ್ಟಿಗೆ ನನ್ನ ಓದನ್ನು ಆತ ತಿದ್ದಿದ, ಮತ್ತು ತಿದ್ದಬಲ್ಲವನು ಆತನೊಬ್ಬನೇ ಆಗಿದ್ದ.

ಪಟ್ಟಿಯ ವಿಷಯವನ್ನೂ ಆಕೆ ನಂತರ ಹೇಳಿದರು, ತೋರಿಸದೆ. ಆತ ಮೊದಲು ನಕ್ಕು, ಆಮೇಲೆ ನಗುವುದನ್ನು ನಿಲ್ಲಿಸಿ, ಒಂದು ತಾರೀಖು ಅದರಲ್ಲಿ ಇದೆಯೇ ಎಂದು ಕೇಳಿದ. ಆಕೆ ಹುಡುಕಿದರು. ಇರಲಿಲ್ಲ. ಆ ದಿನ ಇಬ್ಬರೂ ಸಂಜೆ ಪೂರ್ತಿ ಹರಟೆ ಹೊಡೆದಿದ್ದರು ಎಂದು ಆಕೆಗೆ ನೆನಪಿತ್ತು, ಬರೆದಿಡುವಂಥದ್ದು ಏನೂ ಇರಲಿಲ್ಲ. ಅವತ್ತೇ ಆತ ಏನೋ ಹೇಳಬೇಕೆಂದು ಬಂದು, ಹೇಳದೆ, ಸಂಜೆಯಿಡೀ ಬೇರೆಲ್ಲ ಮಾತನಾಡಿದ್ದನಂತೆ. ಅದೇನೆಂದು ಆಕೆ ನನಗೆ ತಿಳಿಸಲಿಲ್ಲ, ನಾನೂ ಕೇಳಲಿಲ್ಲ.